ಡೆಂಗ್ಯೂ ಆದ ಮೇಲೆ ನಿಧಾನ ಓಟವೋ, ಓಟ-ನಡಿಗೆಯೋ? ಕೋಚ್‌ಗೆ ಒಂದು ಪತ್ರ

ಸರ್, ನಮಸ್ಕಾರ.

ಮೂರು ವಾರ ಕಬ್ಬನ್ ಪಾರ್ಕ್ ಕಡೆ ಬರಲಾಗಲಿಲ್ಲ. ಡೆಂಗ್ಯೂ ಆಗಿತ್ತು. ಮೊದಲ ವಾರ ಜ್ವರ, ಮೈಕೈ ನೋವು. ಜ್ವರ ಬಿಡುವ ಹೊತ್ತಿಗೆ ಪ್ಲೇಟ್‌ಲೆಟ್ ಇಳಿಯಿತು. ಅಡ್ಮಿಟ್ ಆಗಲಿಲ್ಲ, ರಕ್ತ ಪರೀಕ್ಷೆಗೆ ಓಡಾಡಿದ್ದಷ್ಟೇ. ಆಮೇಲಿನ ದಿನಗಳು ಬರೀ ಸುಸ್ತಿನಲ್ಲೇ ಹೋದವು. ಈಗ ಪ್ಲೇಟ್‌ಲೆಟ್ ಸರಿಯಾಗಿದೆ. ಹಗುರವಾಗಿ ಓಡಬಹುದು ಎಂದು ಡಾಕ್ಟರ್ ಹೇಳಿದ್ದಾರೆ.

ನಿಮ್ಮನ್ನು ಕೇಳುವ ಮೊದಲು ಎರಡು ದಾರಿ ನೋಡಿದೆ.

ಒಂದು, ನಿಲ್ಲದೆ ನಿಧಾನವಾಗಿ 3 ಕಿಲೋಮೀಟರ್. ಮೊದಲು ಕಿಲೋಮೀಟರಿಗೆ ಆರೂವರೆ ನಿಮಿಷ ಆರಾಮಾಗಿತ್ತು, ಅಲ್ವಾ? ಈಗ ಏಳೂವರೆಗೆ ಇಳಿಸಿದೆ. ಮೊದಲ ಕಿಲೋಮೀಟರ್ ಚೆನ್ನಾಗಿಯೇ ಹೋಯಿತು, ನಾಡಿ 140ರ ಆಸುಪಾಸು. ವೇಗ ಬದಲಾಗದಿದ್ದರೂ ಮೂರನೆಯದರಲ್ಲಿ 165 ದಾಟಿತು. ವಾಚ್ ಮೇಲೆ ಪೂರ್ತಿ ನಂಬಿಕೆ ಇಲ್ಲದೆ ಒಂದು ವಾಕ್ಯ ಗಟ್ಟಿಯಾಗಿ ಹೇಳಿ ನೋಡಿದೆ. ಅರ್ಧಕ್ಕೇ ಉಸಿರು ಸಾಲಲಿಲ್ಲ. ಹಾಸಿಗೆ ಹಿಡಿದಾಗ ರಕ್ತದ ದ್ರವ ಕಡಿಮೆಯಾಗುತ್ತದೆ, ಒಂದೊಂದು ಬಡಿತಕ್ಕೆ ಹೋಗುವ ರಕ್ತವೂ ಕಡಿಮೆ, ಅದಕ್ಕೇ ಹೃದಯ ಜಾಸ್ತಿ ಬಡಿಯಬೇಕು ಎಂದು ನೀವೇ ಹಿಂದೆ ಹೇಳಿದ್ದಿರಿ. ಆದರೆ ನನಗೆ ಹೆಚ್ಚು ಚಿಂತೆಯಾಗಿದ್ದು ಮರುದಿನ. ಏಳುವಾಗ ನಾಡಿ ಎಂದಿಗಿಂತ ಎಂಟು-ಹತ್ತು ಜಾಸ್ತಿ ಇತ್ತು. ಮಧ್ಯಾಹ್ನ ಆಫೀಸಿನಲ್ಲಿ ಕಣ್ಣು ಬಿಡಲಾಗಲಿಲ್ಲ.

ಇನ್ನೊಂದು, ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಒಟ್ಟು ಅರ್ಧ ಗಂಟೆ. ಪ್ರತಿ ನಡಿಗೆಯಲ್ಲೂ ನಾಡಿ ಇಳಿಯುತ್ತಿತ್ತು, ಹಾಗಾಗಿ ಕೊನೆವರೆಗೂ 150 ದಾಟಲಿಲ್ಲ. ದೂರ 3 ಕಿಲೋಮೀಟರಿಗಿಂತ ಜಾಸ್ತಿಯೇ ಆಯಿತು, ಮರುದಿನ ಬೆಳಗಿನ ನಾಡಿ ಎಂದಿನಂತಿತ್ತು. ಒಂದೇ ತೊಂದರೆ: ನಡೆದು ಸುಧಾರಿಸಿಕೊಂಡ ಮೇಲಿನ ಎರಡು ನಿಮಿಷ ಕಾಲು ತಾನಾಗಿ ಜೋರಾಗುತ್ತದೆ. ಮೀನಖಂಡ ಸ್ವಲ್ಪ ಹಿಡಿದುಕೊಂಡಿದ್ದು ಅದರಿಂದಲೇ ಇರಬೇಕು.

ಅಪಾರ್ಟ್‌ಮೆಂಟ್ ಜಿಮ್‌ನ ಸೈಕಲ್ಲನ್ನೂ ತುಳಿದೆ. ಉಸಿರಿಗೆ ಪರವಾಗಿಲ್ಲ. ಆದರೆ ನೆಲಕ್ಕೆ ಕಾಲು ಬಡಿಯುವ ಅಭ್ಯಾಸ ಅದರಿಂದ ವಾಪಸ್ ಬರಲ್ಲ.

ಸದ್ಯಕ್ಕೆ ನನ್ನ ಮನಸ್ಸು ಓಟ-ನಡಿಗೆ ಕಡೆಗೇ ಇದೆ, ದಿನ ಬಿಟ್ಟು ದಿನ. ಬೆಳಗಿನ ನಾಡಿ ಏರಿದ್ದರೆ ಆ ದಿನ ಬರೀ ನಡಿಗೆ. ಆದರೆ ಮುಂದಿನದನ್ನು ನೀವೇ ಹೇಳಬೇಕು. ಮೊದಲು ಓಟದ ನಿಮಿಷ ಹೆಚ್ಚಿಸಲೋ, ಒಟ್ಟು ಸಮಯವನ್ನೋ? ಟೆಂಪೋ ಓಟಕ್ಕೆ ಬರುವ ಮೊದಲು ನಿಲ್ಲದೆ ಎಷ್ಟು ಹೊತ್ತು ಆರಾಮಾಗಿ ಓಡುವಂತಿರಬೇಕು? ಎರಡು ತಿಂಗಳ ನಂತರದ ಹಾಫ್ ಮ್ಯಾರಥಾನ್ ಬಿಟ್ಟು ಹತ್ತು ಕಿಲೋಮೀಟರಿಗೆ ಬದಲಿಸಿಕೊಳ್ಳಲೂ ನಾನು ತಯಾರು. ನೋಂದಣಿ ಬದಲಿಸಲು ಈ ತಿಂಗಳ ಕೊನೆಯವರೆಗೆ ಮಾತ್ರ ಅವಕಾಶ ಇದೆ. ಅಷ್ಟರೊಳಗೆ ತಿಳಿಸುತ್ತೀರಾ?