ಕ್ಯೂಆರ್, ಗೇಟ್‌ವೇ, ಕ್ಯಾಶ್ ಆನ್ ಡೆಲಿವರಿ: ಮೂರನ್ನೂ ಬಳಸಿ ನೋಡಿದ ಮೇಲೆ

ನನ್ನದು ಬೆಡ್‌ಶೀಟ್, ತಲೆದಿಂಬು ಮಾರುವ ಚಿಕ್ಕ ಆನ್‌ಲೈನ್ ಅಂಗಡಿ. ವೂಕಾಮರ್ಸ್ ಮೇಲೆ ನಡೆಯುತ್ತದೆ. ದುಡ್ಡು ತೆಗೆದುಕೊಳ್ಳಲು ಮೂರು ದಾರಿಗಳನ್ನು ಬಳಸಿ ನೋಡಿದೆ: ಸ್ವಂತ ಯುಪಿಐ ಕ್ಯೂಆರ್, ಪೇಮೆಂಟ್ ಗೇಟ್‌ವೇ, ಕ್ಯಾಶ್ ಆನ್ ಡೆಲಿವರಿ. ಕಮಿಷನ್ ಎಷ್ಟು ಅಂತ ಎಲ್ಲರೂ ಮೊದಲು ಕೇಳುತ್ತಾರೆ. ನಾನು ಮೊದಲು ಕೇಳುವುದು ಬೇರೆ: ಬಂದ ದುಡ್ಡು ಯಾವ ಆರ್ಡರ್‌ನದ್ದು ಅಂತ ಹೇಳುವವರು ಯಾರು?

ಸ್ವಂತ ಕ್ಯೂಆರ್‌ನಲ್ಲಿ ಹೇಳುವವರು ಯಾರೂ ಇಲ್ಲ. ಆ ಕೆಲಸ ನಮ್ಮದೇ. ಖರ್ಚು ಮಾತ್ರ ಸೊನ್ನೆ, ದುಡ್ಡು ಕೂಡಲೇ ಖಾತೆಗೆ ಬರುತ್ತದೆ. ಹಾಗಂತ ಸುಮ್ನೆ ಒಂದು ಕ್ಯೂಆರ್ ಚಿತ್ರ ಹಾಕಿ ಕೂತರೆ ಗ್ರಾಹಕರು ಮೊತ್ತ ತಪ್ಪು ಹೊಡೆಯುತ್ತಾರೆ, 880ರ ಬದಲು 800 ಕಳಿಸುತ್ತಾರೆ. ಅದಕ್ಕೆ ಪ್ರತಿ ಆರ್ಡರ್‌ಗೂ ಮೊತ್ತ ತುಂಬಿದ ಲಿಂಕ್ ಬೇಕು, ಹೀಗೆ:

```
upi://pay?pa=angadi@bank&pn=Angadi&am=880.42&cu=INR&tn=Order-1042
```

ಇದನ್ನೇ ಕ್ಯೂಆರ್ ಆಗಿಯೂ ತೋರಿಸಬಹುದು. ಮೊಬೈಲ್‌ನಲ್ಲಿ ಕೊಳ್ಳುವವರಿಗೆ ಮಾತ್ರ ಬಟನ್ ಕೊಡಿ, ತಮ್ಮದೇ ಸ್ಕ್ರೀನ್ ಮೇಲಿನ ಕ್ಯೂಆರ್ ಅನ್ನು ಅದೇ ಫೋನಿನಿಂದ ಸ್ಕ್ಯಾನ್ ಮಾಡುವುದು ಹೇಗೆ ಅಲ್ವಾ? ಕೊನೆಯ 42 ಪೈಸೆ ಆರ್ಡರ್ ನಂಬರಿನ ಕೊನೆಯ ಎರಡು ಅಂಕಿ. ಒಂದೇ ಬೆಲೆಯ ಎರಡು ಆರ್ಡರ್ ಒಟ್ಟಿಗೆ ಬಂದಾಗ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಬೇರೆ ಮಾಡಿ ನೋಡಲು ಈ ಪೈಸೆಯೇ ಗತಿ, ಯಾಕೆಂದರೆ `tn`ನಲ್ಲಿ ಬರೆದ ಟಿಪ್ಪಣಿ ಸ್ಟೇಟ್‌ಮೆಂಟ್‌ನಲ್ಲಿ ಕಾಣಿಸಿಯೇ ಕಾಣಿಸುತ್ತದೆ ಅನ್ನುವ ಹಾಗಿಲ್ಲ. ಗ್ರಾಹಕರು ಕಳಿಸುವ ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಳಿಸಬೇಡಿ. ಅದನ್ನು ಯಾರು ಬೇಕಾದರೂ ತಿದ್ದಬಹುದು. ಆ ಪಾವತಿಯ 12 ಅಂಕಿಯ ಯುಟಿಆರ್ ನಂಬರ್ ಕೇಳಿ, ನಿಮ್ಮ ಬ್ಯಾಂಕ್ ಖಾತೆಯಲ್ಲಿ ಅದು ಇದೆಯಾ ನೋಡಿ, ಆಮೇಲೆ ಪ್ಯಾಕ್ ಮಾಡಿ. ದಿನಕ್ಕೆ ಕೈಬೆರಳಲ್ಲಿ ಎಣಿಸುವಷ್ಟು ಆರ್ಡರ್ ಇರುವ ತನಕ ಇದು ನಡೆಯುತ್ತದೆ. ರಾತ್ರಿ ಹನ್ನೊಂದಕ್ಕೆ ದುಡ್ಡು ಹಾಕಿದವರು ಬೆಳಿಗ್ಗೆ ತನಕ ಕನ್ಫರ್ಮೇಷನ್ ಇಲ್ಲದೆ ಕಾಯಬೇಕು, ಅಷ್ಟರಲ್ಲಿ ಅರ್ಧ ಜನ ಗಾಬರಿಯಾಗಿ ಮೆಸೇಜ್ ಮಾಡಿರುತ್ತಾರೆ.

ಗೇಟ್‌ವೇ ಈ ತಾಳೆ ಹಾಕುವ ಕೆಲಸವನ್ನೇ ಮಾರುತ್ತದೆ. ಶೇ. 2 ಫೀ ಅಂತಿಟ್ಟುಕೊಳ್ಳಿ, ಆ ಫೀ ಮೇಲೆ ಶೇ. 18 ಜಿಎಸ್‌ಟಿ. 800ರ ಸಾಮಾನು, 80 ಡೆಲಿವರಿ, ಒಟ್ಟು 880. ಫೀ 17.60, ಜಿಎಸ್‌ಟಿ 3.17, ಸೇರಿ 20.77. ಫೀ ಡೆಲಿವರಿ ಚಾರ್ಜ್ ಮೇಲೂ ಬೀಳುತ್ತದೆ ಅನ್ನುವುದನ್ನು ಜಾಸ್ತಿ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಂದು ವಿಷಯ. ಯುಪಿಐಗೆ 2020ರ ಜನವರಿಯಿಂದ ಎಂಡಿಆರ್, ಅಂದರೆ ಪ್ರತಿ ಪಾವತಿಗೆ ವ್ಯಾಪಾರಿ ಕೊಡಬೇಕಾದ ಬ್ಯಾಂಕ್ ಫೀ, ಸೊನ್ನೆ, ಅದು ನಿಜ. ಆದರೆ ಗೇಟ್‌ವೇ ತನ್ನ ಸೇವೆಗೆ ಬೇರೆ ಫೀ ಹಾಕಬಹುದು. ಹಾಗಾಗಿ ದರಪಟ್ಟಿಯಲ್ಲಿ ಯುಪಿಐ ಸಾಲು ಬೇರೆಯಾಗಿ ಇದೆಯಾ ಅಂತ ಹುಡುಕಿ ಓದಿ. ಕೆವೈಸಿಗೆ ಪ್ಯಾನ್, ಬ್ಯಾಂಕ್ ವಿವರ ಕೊಟ್ಟರೆ ಸಾಲದು. ಸೈಟಿನಲ್ಲಿ ರೀಫಂಡ್, ಶಿಪ್ಪಿಂಗ್, ಪ್ರೈವಸಿ, ಸಂಪರ್ಕ ಪುಟಗಳು ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಗೇಟ್‌ವೇಯಲ್ಲಿ ಕೆಡುವ ಜಾಗ ಒಂದೇ: ವೆಬ್‌ಹುಕ್. ಗ್ರಾಹಕರು ಯುಪಿಐ ಆ್ಯಪ್‌ನಲ್ಲಿ ಪಿನ್ ಒತ್ತುತ್ತಾರೆ, ದುಡ್ಡು ಹೋಗುತ್ತದೆ, ಬ್ರೌಸರ್‌ಗೆ ವಾಪಸ್ ಬರುವುದೇ ಇಲ್ಲ. ಅವರು ವಾಪಸ್ ಬಂದರೆ ಮಾತ್ರ ನಿಮ್ಮ ಅಂಗಡಿಗೆ ಗೊತ್ತಾಗುವ ಹಾಗಿದ್ದರೆ ಆರ್ಡರ್ Pending payment ಅಲ್ಲೇ ಕೂತಿರುತ್ತದೆ. ಸ್ಟಾಕ್ ಲೆಕ್ಕ ಇಟ್ಟಿದ್ದರೆ ವೂಕಾಮರ್ಸ್‌ನ Hold stock (minutes) ಮಾಮೂಲಾಗಿ 60 ಇರುತ್ತದೆ, ಆ ಅವಧಿ ಮುಗಿದ ಮೇಲೆ ಆರ್ಡರ್ ತಾನಾಗಿ ರದ್ದಾಗುತ್ತದೆ. ಅಂದರೆ ದುಡ್ಡು ಬಂದಿದೆ, ಆರ್ಡರ್ ಸತ್ತಿದೆ! ವೆಬ್‌ಹುಕ್ ಇದ್ದರೆ ಗೇಟ್‌ವೇಯ ಸರ್ವರ್ ನೇರವಾಗಿ ನಿಮ್ಮ ಸೈಟಿಗೆ ತಿಳಿಸುತ್ತದೆ, ಬ್ರೌಸರ್‌ನ ಹಂಗಿಲ್ಲ. ಪರೀಕ್ಷೆ ಸುಲಭ. ಟೆಸ್ಟ್ ಮೋಡ್‌ನಲ್ಲಿ ಪಾವತಿ ಮಾಡಿ, ಅದು ಮುಗಿದ ಕೂಡಲೇ ಟ್ಯಾಬ್ ಮುಚ್ಚಿ. ಸ್ವಲ್ಪ ಹೊತ್ತಲ್ಲಿ ಆರ್ಡರ್ Processing ಆದರೆ ಸರಿ ಇದೆ ಅಂತ ಅರ್ಥ.

ಕ್ಯಾಶ್ ಆನ್ ಡೆಲಿವರಿಯಲ್ಲಿ ಗೇಟ್‌ವೇ ಫೀ ಇಲ್ಲ ಅಂತ ಖುಷಿಪಡುವವರಿಗೆ ಒಂದು ಲೆಕ್ಕ. ಕೊರಿಯರ್‌ಗೆ ಹೋಗಲು 80, ವಾಪಸ್ ಬರಲು 80, ನಗದು ತರುವುದಕ್ಕೆ 40 ಅಂತಿಟ್ಟುಕೊಳ್ಳೋಣ. ಐದು ಪಾರ್ಸೆಲ್‌ನಲ್ಲಿ ಒಂದನ್ನು ಗ್ರಾಹಕರು ಬೇಡ ಅಂದರು. ಅದರ ಹೋಗಿಬರುವ ಖರ್ಚು 160, ಉಳಿದ ನಾಲ್ಕರ ನಗದು ಫೀ 160. ಒಟ್ಟು 320, ಮಾರಾಟವಾದ ನಾಲ್ಕಕ್ಕೆ ಹಂಚಿದರೆ ತಲಾ 80. ಗೇಟ್‌ವೇಗೆ ಹೋಗುತ್ತಿದ್ದದ್ದು 21. ಹಾಗಂತ ಪೂರ್ತಿ ತೆಗೆದರೂ ಕಷ್ಟ, ಹೊಸ ಅಂಗಡಿಗೆ ಮುಂಗಡ ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ನನಗೆ ಒಗ್ಗಿದ್ದು ಅರ್ಧ ದಾರಿ: ಡೆಲಿವರಿ ಚಾರ್ಜ್ 80 ಮಾತ್ರ ಮೊದಲೇ ಆನ್‌ಲೈನಲ್ಲಿ, ಉಳಿದದ್ದು ಬಾಗಿಲಲ್ಲಿ. ಸುಮ್ಮನೆ ಆರ್ಡರ್ ಹಾಕಿ ನೋಡುವವರು ಅಲ್ಲೇ ಸೋಸಿ ಹೋಗುತ್ತಾರೆ.

ಈಗ ಆ 80 ಬಂದದ್ದು ಎಲ್ಲಿಂದ? ಎಲ್ಲದಕ್ಕೂ ಒಂದೇ ದರವೋ, ತೂಕಕ್ಕೆ ತಕ್ಕ ದರವೋ ಅನ್ನುವ ಪೈಪೋಟಿಯಲ್ಲಿ ನಾನು ಒಂದೇ ದರದ ಪರ, ಆದರೆ ಪ್ಯಾಕಿಂಗ್ ಸರಿ ಮಾಡಿದ ಮೇಲೆ. ಕೊರಿಯರ್‌ನವರು ನಿಜವಾದ ತೂಕ, ಡಬ್ಬಿಯ ಗಾತ್ರದಿಂದ ಬರುವ ತೂಕ, ಎರಡರಲ್ಲಿ ದೊಡ್ಡದಕ್ಕೆ ಬಿಲ್ ಹಾಕುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ನನ್ನ ತಲೆದಿಂಬು 900 ಗ್ರಾಂ, ಡಬ್ಬಿ 40×30×15. ಗಾತ್ರದ ತೂಕ 3.6 ಕೆಜಿ, ಅರ್ಧ ಕೆಜಿ ಲೆಕ್ಕದಲ್ಲಿ ಏರಿಸಿ 4 ಕೆಜಿಗೆ ಬಿಲ್. ಅದಕ್ಕಿಂತ ಭಾರದ, 1.1 ಕೆಜಿಯ ಬೆಡ್‌ಶೀಟ್‌ಗೆ ಬರೀ 1.5 ಕೆಜಿಯ ಬಿಲ್. ಸೈಟಿನಲ್ಲಿ ನಿಜವಾದ ತೂಕ ತುಂಬಿ ದರ ಹಾಕಿದ್ದರೆ ಪ್ರತಿ ದಿಂಬಿಗೂ ಕೈಯಿಂದ ಹೋಗುತ್ತಿತ್ತು. ಗಾಳಿ ತೆಗೆಯುವ ಕವರ್‌ನಲ್ಲಿ ಹಾಕಿ ಎತ್ತರ 5 ಸೆಂಟಿಮೀಟರ್‌ಗೆ ಇಳಿಸಿದಾಗ ಗಾತ್ರದ ತೂಕ 1.2 ಕೆಜಿ ಆಯಿತು. ಈಗ ಎರಡೂ ಸಾಮಾನು 1.5 ಕೆಜಿಯ ಮಟ್ಟದಲ್ಲೇ. ಆದ್ದರಿಂದ Flat rate ಜಾಗದಲ್ಲಿ ಇಷ್ಟೇ ಸಾಕು:

```
50 + (30 * [qty])
```

ಒಂದಕ್ಕೆ 80, ಎರಡಕ್ಕೆ 110. ದೂರದ ರಾಜ್ಯಗಳಿಗೆ ಬೇರೆ ಝೋನ್ ಮಾಡಿ ದರ ಏರಿಸಬಹುದು. ವೂಕಾಮರ್ಸ್ ಝೋನ್‌ಗಳನ್ನು ಮೇಲಿನಿಂದ ಕೆಳಗೆ ನೋಡಿ ಮೊದಲು ಹೊಂದಿದ್ದನ್ನೇ ಹಿಡಿಯುತ್ತದೆ, ಹಾಗಾಗಿ ಇಡೀ ದೇಶದ ಝೋನ್ ಪಟ್ಟಿಯಲ್ಲಿ ಕೆಳಗೇ ಇರಲಿ.

ಇಷ್ಟಕ್ಕಿಂತ ಜಾಸ್ತಿ ಕೊಂಡರೆ ಡೆಲಿವರಿ ಫ್ರೀ ಅನ್ನುವ ಆಸೆ ಇದ್ದರೆ, Free shipping ಒಳಗೆ ಕೂಪನ್ ಬಗ್ಗೆ ಇರುವ ಚೆಕ್‌ಬಾಕ್ಸ್ ನೋಡಿಕೊಳ್ಳಿ. ಅದನ್ನು ಟಿಕ್ ಮಾಡಿದರೆ ಕನಿಷ್ಠ ಮೊತ್ತವನ್ನು ಕೂಪನ್ ಕಳೆಯುವ ಮೊದಲೇ ಲೆಕ್ಕ ಹಾಕುತ್ತದೆ, ಆಗ ಗ್ರಾಹಕರಿಗೆ ರಿಯಾಯಿತಿಯೂ ಸಿಗುತ್ತದೆ, ಫ್ರೀ ಡೆಲಿವರಿಯೂ ಸಿಗುತ್ತದೆ. ನಾನು ಟಿಕ್ ಮಾಡಿಲ್ಲ.