ಹದಿನೈದು ಸಾವಿರದೊಳಗೆ ಗೇಮಿಂಗ್ ಮಾನಿಟರ್: ವಿಎ ತಗೊಳ್ಳಬೇಕೋ, ಐಪಿಎಸ್ಸೋ?

ವಿಎ, ಐಪಿಎಸ್ ಎರಡೂ ಎಲ್‌ಸಿಡಿ ಪ್ಯಾನೆಲ್‌ನ ಬಗೆಗಳು. 24 ಇಂಚಿನ, ಫುಲ್ ಎಚ್‌ಡಿ, 144 ಹರ್ಟ್ಸ್‌ನ ಒಂದು ವಿಎ ಮತ್ತು ಒಂದು ಐಪಿಎಸ್ ಮಾನಿಟರನ್ನು ಒಂದೇ ಮೇಜಿನ ಮೇಲೆ ಬಹಳ ದಿನ ಬಳಸಿ ಬರೆದದ್ದು ಇದು. ಟಿಎನ್ ಪ್ಯಾನೆಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಬೆಲೆಗೆ ಐಪಿಎಸ್ಸೇ ಸಿಗುವಾಗ ಅದರ ಮಂಕು ಬಣ್ಣವನ್ನು ಸಹಿಸಿಕೊಳ್ಳಲು ಕಾರಣವಿಲ್ಲ.

ರಾತ್ರಿ ದೀಪ ಆರಿಸಿ ಕೂತರೆ ವಿಎ ಗೆಲ್ಲುತ್ತದೆ. ಐಪಿಎಸ್‌ನ ಕಾಂಟ್ರಾಸ್ಟ್ ಸಾಮಾನ್ಯವಾಗಿ 1000:1, ವಿಎದು 3000:1ರ ಆಸುಪಾಸು. ಬಿಳಿಯ ಹೊಳಪನ್ನು 120 ನಿಟ್ಸ್‌ಗೆ ಇಟ್ಟರೆ ಐಪಿಎಸ್‌ನ ಕಪ್ಪಿನಲ್ಲಿ 0.12 ನಿಟ್ಸ್ ಬೆಳಕು ಉಳಿಯುತ್ತದೆ, ವಿಎಯಲ್ಲಿ 0.04 ಮಾತ್ರ. ಹಾಗಾಗಿ ಕತ್ತಲ ಗುಹೆಯ ದೃಶ್ಯ ಐಪಿಎಸ್‌ನಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಮೂಲೆಗಳಲ್ಲಿ ಬೆಳಕು ಬೇರೆ ಮಸುಕಾಗಿ ಹರಡುತ್ತದೆ. ಕೋಣೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಈ ವ್ಯತ್ಯಾಸ ಬಹುಪಾಲು ಕಾಣುವುದೇ ಇಲ್ಲ.

ವಿಎ ಸೋಲುವುದು ಚಲನೆಯಲ್ಲಿ. 144 ಹರ್ಟ್ಸ್‌ನಲ್ಲಿ ಒಂದು ಫ್ರೇಮ್‌ಗೆ ಸಿಗುವುದು ಸುಮಾರು 6.9 ಮಿಲಿಸೆಕೆಂಡ್. ಅಗ್ಗದ ವಿಎಯಲ್ಲಿ ಅಚ್ಚ ಕಪ್ಪಿನಿಂದ ಕಡು ಬೂದು ಬಣ್ಣಕ್ಕೆ ಬರಲು ಪಿಕ್ಸೆಲ್‌ಗೆ 25 ಮಿಲಿಸೆಕೆಂಡ್ ಹಿಡಿಯಿತೆಂದುಕೊಳ್ಳಿ. ಅಷ್ಟರಲ್ಲಿ ಮೂರಕ್ಕೂ ಹೆಚ್ಚು ಫ್ರೇಮ್ ದಾಟಿರುತ್ತದೆ. ಸೆಕೆಂಡಿಗೆ 960 ಪಿಕ್ಸೆಲ್ ವೇಗದಲ್ಲಿ ಓಡುವ ವಸ್ತುವಿನ ಹಿಂದೆ 24 ಪಿಕ್ಸೆಲ್ ಉದ್ದದ ಕಪ್ಪು ಬಾಲ ಎಳೆದಂತೆ ಕಾಣುತ್ತದೆ. ಡಬ್ಬಿಯ ಮೇಲಿನ "1 ಎಂಎಸ್" ನೋಡಿ ಮೋಸಹೋಗಬೇಡಿ. ಅದರ ಪಕ್ಕದಲ್ಲಿ MPRT ಎಂದಿದ್ದರೆ ಅದು ಬ್ಯಾಕ್‌ಲೈಟನ್ನು ಮಿಟುಕಿಸಿ ಪಡೆದ ಅಂಕಿ, ಪಿಕ್ಸೆಲ್ ಬಣ್ಣ ಬದಲಿಸುವ ವೇಗವಲ್ಲ. ಆ ಮೋಡ್ ಹಾಕಿದರೆ ಪರದೆಯ ಹೊಳಪೂ ಇಳಿಯುತ್ತದೆ.

ಮೆನುವಿನಲ್ಲಿ Overdrive ಅಥವಾ Response Time ಎಂಬ ಆಯ್ಕೆ ಇರುತ್ತದೆ. ಅದನ್ನು ಮಧ್ಯದ ಹಂತದಲ್ಲಿಡಿ. ಕೊನೆಯ ಹಂತಕ್ಕೆ ಏರಿಸಿದರೆ ಪಿಕ್ಸೆಲ್ ಗುರಿ ಮೀರಿ ಹೋಗಿ, ವಸ್ತುವಿನ ಹಿಂದೆ ಬಿಳಿ ಅಂಚು ಮೂಡುತ್ತದೆ. ಆಟ 60 ಫ್ರೇಮ್‌ಗೆ ಇಳಿದಾಗ ಇದು ಇನ್ನೂ ಎದ್ದು ಕಾಣುತ್ತದೆ. ಕತ್ತಲ ಭಾಗಗಳನ್ನು ಬೆಳಗಿಸುವ Black Equalizer ಆಯ್ಕೆಯನ್ನು ಏರಿಸಿದರೆ ಪಿಕ್ಸೆಲ್ ಪೂರ್ತಿ ಕಪ್ಪಿಗೆ ಇಳಿಯದ ಕಾರಣ ಬಾಲ ಕಡಿಮೆಯಾಗುವುದು ನಿಜ, ಆದರೆ ಯಾವ ಕಪ್ಪಿಗಾಗಿ ವಿಎ ತಂದಿರೋ ಆ ಕಪ್ಪೇ ಹೋಗುತ್ತದೆ.

ಶೂಟಿಂಗ್ ಆಟ, ಹಗಲಿನ ಓದು-ಬರಹ ಎರಡಕ್ಕೂ ಒಂದೇ ಪರದೆ ಬೇಕಿದ್ದರೆ ಐಪಿಎಸ್ ತನ್ನಿ. ಡಾರ್ಕ್ ಮೋಡ್‌ನಲ್ಲಿ ಪುಟ ಸರಿಸಿದಾಗ ವಿಎಯಲ್ಲಿ ಅಕ್ಷರಗಳು ಕಲೆಸಿಹೋಗುವುದು ದಿನವಿಡೀ ಕಣ್ಣಿಗೆ ಚುಚ್ಚುತ್ತದೆ. ಕತ್ತಲ ಕೋಣೆಯಲ್ಲಿ ಕಥೆಯಾಧಾರಿತ ಆಟ, ಸಿನಿಮಾ ಇಷ್ಟೇ ಸಾಕೆನ್ನುವವರಿಗೆ ವಿಎ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಯಾವುದನ್ನು ತಂದರೂ ವಾಪಸಿನ ಗಡುವು ಮುಗಿಯುವ ಮೊದಲು ಎರಡು ಪರೀಕ್ಷೆ ಮಾಡಿ. ಮೊದಲು ವಿಂಡೋಸ್‌ನ Advanced display ಪುಟದಲ್ಲಿ 144 ಹರ್ಟ್ಸ್ ಆರಿಸಿ, ಏಕೆಂದರೆ ಎಷ್ಟೋ ಮಾನಿಟರ್‌ಗಳು 60ರಲ್ಲೇ ಶುರುವಾಗುತ್ತವೆ. ಆಮೇಲೆ testufo.com ತೆರೆದು ಹಿನ್ನೆಲೆಯನ್ನು ಕಪ್ಪು ಮಾಡಿ ಬಾಲ ನೋಡಿ. ಕೊನೆಗೆ ದೀಪ ಆರಿಸಿ, ಪೂರ್ತಿ ಕಪ್ಪು ಚಿತ್ರ ಹಾಕಿ, ಎದುರಿಗೆ ನೇರವಾಗಿ ಒಂದು ಮೀಟರ್ ದೂರ ಕೂತು ಮೂಲೆ ನೋಡಿ. ತಲೆ ಅಲ್ಲಾಡಿಸಿದಾಗ ಮೂಲೆಯ ಬೆಳಕು ಜಾಗ ಬದಲಿಸಿದರೆ ಅದು ಐಪಿಎಸ್‌ನ ಸಹಜ ಗುಣ. ಅಲ್ಲಾಡದೆ ಅಂಚಿಗೆ ಅಂಟಿಕೊಂಡಿದ್ದರೆ ಬ್ಯಾಕ್‌ಲೈಟ್ ಸೋರುತ್ತಿದೆ, ಬದಲಿಸಿಕೊಳ್ಳಿ.