ಗೇಮ್ ಆಡುವವರಿಗೆ ಉಡುಗೊರೆ ಕೊಳ್ಳುವ ಮುನ್ನ: ನನ್ನ ತಮ್ಮನ ಹುಟ್ಟುಹಬ್ಬದಲ್ಲಿ ಆದ ತಪ್ಪುಗಳು

2024ರ ನವೆಂಬರ್‌ನಲ್ಲಿ ನನ್ನ ತಮ್ಮನಿಗೆ ಮೂವತ್ತೈದು ತುಂಬಿತು. ಅವನು ಕೆಲಸ ಮುಗಿಸಿ ಬಂದು ರಾತ್ರಿ ಒಂದು ಗಂಟೆ ಪಿಎಸ್ 5, ಅಂದರೆ ಟಿವಿಗೆ ಜೋಡಿಸುವ ಪ್ಲೇಸ್ಟೇಷನ್ 5 ಅನ್ನುವ ಗೇಮ್ ಕನ್ಸೋಲ್‌ನಲ್ಲಿ ಆಟ ಆಡುತ್ತಾನೆ. ಅವನಿಗೆ ಇರುವ ಹವ್ಯಾಸ ಅದೊಂದೇ. ಶರ್ಟು ಕೊಟ್ಟು ಕೊಟ್ಟು ನನಗೂ ಸಾಕಾಗಿತ್ತು. ಈ ಸಲ ಅವನಿಗೆ ನಿಜವಾಗಿ ಇಷ್ಟವಾಗುವುದನ್ನೇ ಕೊಡೋಣ ಅಂತ ದಾವಣಗೆರೆಯಿಂದ ಬೆಂಗಳೂರಿಗೆ ಮೂರು ಉಡುಗೊರೆ ತೆಗೆದುಕೊಂಡು ಹೋದೆ. ಒಂದು ಗೇಮ್ ಡಿಸ್ಕ್, 3,499 ರೂಪಾಯಿ. ಕೈಯಲ್ಲಿ ಹಿಡಿದು ಗುಂಡಿ ಒತ್ತಿ ಆಡುವ ಒಂದು ಕಂಟ್ರೋಲರ್, 4,200 ರೂಪಾಯಿ. ಜೊತೆಗೆ ನ್ಯೂಜೆರ್ಸಿಯಲ್ಲಿರುವ ಚಿಕ್ಕಮ್ಮನ ಮಗಳು ಕಳಿಸಿದ 50 ಡಾಲರ್‌ನ ಪ್ಲೇಸ್ಟೇಷನ್ ಗಿಫ್ಟ್ ಕಾರ್ಡ್ ಕೋಡ್. ಮೂರರಲ್ಲಿ ಒಂದೂ ಅವನ ಉಪಯೋಗಕ್ಕೆ ಬರಲಿಲ್ಲ. ನನ್ನ ಹಾಗೆ ಗೇಮ್ ಆಡದೆ, ಆಡುವವರಿಗಾಗಿ ಕೊಳ್ಳುವ ಅಕ್ಕಂದಿರು, ಹೆಂಡತಿಯರು, ಅಪ್ಪ ಅಮ್ಮಂದಿರು ತುಂಬಾ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಡಿಸ್ಕ್ ವಿಷಯ. ನಾನು ಕೊಂಡಿದ್ದು ಗಾಡ್ ಆಫ್ ವಾರ್ ರಾಗ್ನರಾಕ್. ಡಬ್ಬದ ಮೇಲ್ಭಾಗದಲ್ಲಿ ಬಿಳಿ ಪಟ್ಟಿ, ಅದರಲ್ಲಿ ಪಿಎಸ್ 5 ಅಂತ ಬರೆದಿತ್ತು. ತಮ್ಮನ ಹತ್ತಿರ ಇರುವುದೂ ಪಿಎಸ್ 5. ಇನ್ನೇನು ನೋಡಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಅವನು ಸೀಲ್ ಬಿಚ್ಚಿ, ಡಿಸ್ಕ್ ಕೈಯಲ್ಲಿ ಹಿಡಿದು, ಒಂದು ಕ್ಷಣ ಸುಮ್ಮನಾದ. ಆಮೇಲೆ ಮೆತ್ತಗೆ "ಅಕ್ಕಾ, ನನ್ನದರಲ್ಲಿ ಡಿಸ್ಕ್ ಹಾಕೋ ಜಾಗ ಇಲ್ಲ" ಅಂದ.

ಪಿಎಸ್ 5 ಮೊದಲಿನಿಂದಲೂ ಎರಡು ಬಗೆಯಲ್ಲಿ ಬಂದಿದೆ. ಒಂದರಲ್ಲಿ ಡಿಸ್ಕ್ ಡ್ರೈವ್ ಇರುತ್ತದೆ. ಇನ್ನೊಂದು ಡಿಜಿಟಲ್ ಎಡಿಷನ್, ಅದರಲ್ಲಿ ಇರುವುದಿಲ್ಲ. ಡಿಜಿಟಲ್‌ನಲ್ಲಿ ಆಟಗಳನ್ನು ಇಂಟರ್ನೆಟ್‌ನಿಂದಲೇ ಕೊಂಡು ಇಳಿಸಿಕೊಳ್ಳಬೇಕು. ಅದೇ ಆಟ, ಅದೇ ಹೆಸರಿನ ಕನ್ಸೋಲ್. ಆದರೂ ಡಬ್ಬದಲ್ಲಿರುವ ಡಿಸ್ಕ್ ಅಲ್ಲಿ ಬರೀ ತಟ್ಟೆ. ಗೊತ್ತು ಮಾಡಿಕೊಳ್ಳುವುದು ಕಷ್ಟವಲ್ಲ. ನಿಲ್ಲಿಸಿಟ್ಟ ಕನ್ಸೋಲನ್ನು ಎದುರಿನಿಂದ ನೋಡಿ. ಒಂದು ಬದಿ ಕೆಳಗೆ ಉಬ್ಬಿಕೊಂಡು, ಅಲ್ಲಿ ಉದ್ದನೆಯ ಸೀಳು ಇದ್ದರೆ ಡಿಸ್ಕ್ ಹಾಕಬಹುದು. ಎರಡೂ ಬದಿ ಒಂದೇ ಥರ ಇದ್ದರೆ ಆಗುವುದಿಲ್ಲ. ಹಿಂಭಾಗದಲ್ಲಿ ಮಾಡೆಲ್ ನಂಬರ್ ಕೂಡ ಇರುತ್ತದೆ. ತಮ್ಮನದರಲ್ಲಿ CFI-1008B ಅಂತ ಇತ್ತು. ಅಂಕಿಗಳ ಪಕ್ಕದ ಅಕ್ಷರ A ಆಗಿದ್ದರೆ ಡಿಸ್ಕ್ ಇರುವುದು, B ಆಗಿದ್ದರೆ ಡಿಜಿಟಲ್.

ಮರುದಿನ ಅಂಗಡಿಗೆ ಹೋದೆ. ಸೀಲ್ ಒಡೆದಿದ್ದರಿಂದ ವಾಪಸ್ ತೆಗೆದುಕೊಳ್ಳಲಿಲ್ಲ. ಅದು ಅವರ ನಿಯಮ, ಬಿಲ್ ಹಿಂದೆ ಅಚ್ಚಾಗಿತ್ತು, ನಾನೇ ಓದಿರಲಿಲ್ಲ. ಆದರೆ ಅಲ್ಲಿದ್ದ ಹುಡುಗ "ಡಿಸ್ಕ್ ಡ್ರೈವ್ ಬೇರೆಯಾಗಿ ಸಿಗುತ್ತೆ ಮೇಡಂ, ತಗೊಂಡು ಜೋಡಿಸಿಕೊಳ್ಳಿ" ಅಂದ. ನನ್ನ ಕೈ ಪರ್ಸಿಗೆ ಹೋಗಿತ್ತು. ಯಾಕೋ ಅನುಮಾನ ಬಂದು ತಮ್ಮನಿಗೆ ಫೋನ್ ಮಾಡಿದೆ. ಬೇಡವೇ ಬೇಡ ಅಂದ. ಬಿಡಿಯಾಗಿ ಸಿಗುವ ಆ ಡ್ರೈವ್ 2023ರ ಕೊನೆಯಲ್ಲಿ ಬಂದ ತೆಳ್ಳಗಿನ ಪಿಎಸ್ 5ಗೆ ಕೂರುತ್ತದೆ. ಅದರ ನಂಬರ್ CFI-2 ಅಂತ ಶುರುವಾಗುತ್ತದೆ. ತಮ್ಮ 2021ರಲ್ಲಿ ಕೊಂಡ ಹಳೆಯ ಡಿಜಿಟಲ್‌ಗೆ ಡ್ರೈವ್ ಜೋಡಿಸುವ ದಾರಿಯೇ ಇಲ್ಲ. ಇವೆರಡನ್ನು ಕಣ್ಣಲ್ಲೇ ಬೇರೆ ಮಾಡಬಹುದು. ಹಳೆಯದರ ಒಂದೊಂದು ಬದಿಯ ಬಿಳಿ ಹೊದಿಕೆ ಒಂದೇ ತುಂಡು. ಹೊಸದರಲ್ಲಿ ಪ್ರತಿ ಬದಿಯ ಹೊದಿಕೆಯೂ ಎರಡು ತುಂಡು, ನಡುವೆ ಅಡ್ಡ ಗೆರೆ ಕಾಣುತ್ತದೆ. ಆ ಒಂದು ಫೋನ್ ಮಾಡದೇ ಇದ್ದಿದ್ದರೆ ಇನ್ನಷ್ಟು ಸಾವಿರ ಹೋಗುತ್ತಿತ್ತು.

ಡಿಸ್ಕ್ ಇಲ್ಲದ ಡಬ್ಬಗಳೂ ಇವೆ ಅಂತ ಆಮೇಲೆ ತಿಳಿಯಿತು. ಇದೇ ರಾಗ್ನರಾಕ್‌ನ ದುಬಾರಿ ಕಲೆಕ್ಟರ್ಸ್ ಎಡಿಷನ್‌ನಲ್ಲಿ ಚೆಂದದ ಉಕ್ಕಿನ ಡಬ್ಬ ಇತ್ತು, ಒಳಗೆ ಡಿಸ್ಕ್ ಇರಲಿಲ್ಲ. ಆಟ ಬಂದಿದ್ದು ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವ ಕೋಡ್ ರೂಪದಲ್ಲಿ. ಡಿಸ್ಕ್ ಕೂಡಿಡುವವರಿಗೆ ಅದನ್ನು ಕೊಟ್ಟರೆ ಬೇಸರವಾಗುತ್ತದೆ. ಎಕ್ಸ್‌ಬಾಕ್ಸ್ ಇರುವ ಮನೆಗೂ ಇದೇ ಎಚ್ಚರಿಕೆ ಬೇಕು. ಅದರ ಒಂದು ಮಾದರಿಯಾದ ಸೀರೀಸ್ ಎಸ್‌ಗೆ ಡಿಸ್ಕ್ ಡ್ರೈವ್ ಇಲ್ಲ.

ಇನ್ನು ಕಂಟ್ರೋಲರ್. ತಮ್ಮನಿಗೆ ಏಳು ವರ್ಷದ ಮಗಳಿದ್ದಾಳೆ. "ಅತ್ತೆ, ಅಪ್ಪನ ಜೊತೆ ನಾನೂ ಆಡಬೇಕು" ಅಂತ ಫೋನಿನಲ್ಲಿ ಹೇಳುತ್ತಿದ್ದಳು. ಮನೆಯಲ್ಲಿ ಇದ್ದಿದ್ದು ಒಂದೇ ಕಂಟ್ರೋಲರ್. ಅದಕ್ಕೇ ಎರಡನೆಯದು ಕೊಂಡೆ. ಅಂಗಡಿಯಲ್ಲಿ ಎರಡು ಥರ ತೋರಿಸಿದರು. ಕಪ್ಪು ಬಣ್ಣದ್ದು ಅಗ್ಗ. "ಪಿಎಸ್ 5ಗೂ ಆಗುತ್ತಾ?" ಅಂತ ಕೇಳಿದೆ. "ಆಗುತ್ತೆ, ಕನೆಕ್ಟ್ ಆಗುತ್ತೆ" ಅಂದರು.

ಅವರು ಹೇಳಿದ್ದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಅದು ಡ್ಯುಯಲ್‌ಶಾಕ್ 4, ಅಂದರೆ ಪಿಎಸ್ 4ರ ಕಂಟ್ರೋಲರ್. ಪಿಎಸ್ 5ಗೆ ಜೋಡಿಸಿದರೆ ಕೂಡಿಕೊಳ್ಳುತ್ತದೆ. ಮುಖ್ಯ ಪರದೆಯಲ್ಲಿ ಓಡಾಡಬಹುದು. ಪಿಎಸ್ 4ರ ಹಳೆಯ ಆಟಗಳನ್ನು ಆಡಬಹುದು. ಪಿಎಸ್ 5ಗಾಗಿ ಮಾಡಿದ ಆಟ ಶುರು ಮಾಡಿದ ಕೂಡಲೇ ಈ ಕಂಟ್ರೋಲರ್ ನಡೆಯುವುದಿಲ್ಲ ಅಂತ ಪರದೆಯ ಮೇಲೆ ಬರುತ್ತದೆ. ಆ ಮಗು ಕಂಟ್ರೋಲರ್ ಹಿಡಿದುಕೊಂಡು ಗುಂಡಿ ಒತ್ತುತ್ತಲೇ ಇದ್ದಳು. ಅವಳ ಮುಖ ಇನ್ನೂ ನೆನಪಿದೆ.

ಪಿಎಸ್ 5ರ ಆಟಗಳಿಗೆ ಬೇಕಾಗಿರುವುದು ಡ್ಯುಯಲ್‌ಸೆನ್ಸ್. ಬಣ್ಣ ನೋಡಿ ನಂಬಬೇಡಿ, ಅದೂ ಕಪ್ಪು ಬಣ್ಣದಲ್ಲಿ ಬರುತ್ತದೆ. ಚಾರ್ಜ್ ಮಾಡುವ ತೂತನ್ನು ನೋಡಿ. ಡ್ಯುಯಲ್‌ಸೆನ್ಸ್‌ಗೆ ಈಗಿನ ಫೋನ್‌ಗಳಲ್ಲಿರುವ ಟೈಪ್ ಸಿ ಇದೆ. ಡ್ಯುಯಲ್‌ಶಾಕ್ 4ಗೆ ಹಳೆಯ ಫೋನ್‌ಗಳ ಮೈಕ್ರೋ ಯುಎಸ್‌ಬಿ. ಅಂಗಡಿಯಲ್ಲಿ "ಕನೆಕ್ಟ್ ಆಗುತ್ತಾ" ಅಂತ ಕೇಳಬೇಡಿ. "ಇದರಲ್ಲಿ ಪಿಎಸ್ 5ರ ಆಟವನ್ನೇ ಆಡಬಹುದಾ" ಅಂತ ಕೇಳಿ. ನಾನು ಕೇಳಿದ ಪ್ರಶ್ನೆಯೇ ಸರಿ ಇರಲಿಲ್ಲ.

ಗಿಫ್ಟ್ ಕಾರ್ಡ್ ವಿಷಯ ಹೊರದೇಶದಲ್ಲಿರುವ ನಮ್ಮವರು ಖಂಡಿತ ಓದಬೇಕು. ಚಿಕ್ಕಮ್ಮನ ಮಗಳು ಅಷ್ಟು ಪ್ರೀತಿಯಿಂದ ಅಲ್ಲಿನ ಅಂಗಡಿಯಲ್ಲಿ ಕಾರ್ಡ್ ಕೊಂಡು, ಕೋಡ್ ಕೆರೆದು, ಫೋಟೊ ತೆಗೆದು ಕಳಿಸಿದ್ದಳು. ತಮ್ಮ ಎರಡು ಸಲ ಟೈಪ್ ಮಾಡಿದ. ಎರಡು ಸಲವೂ ತೆಗೆದುಕೊಳ್ಳಲಿಲ್ಲ. ಅಕ್ಷರ ತಪ್ಪಿರಬೇಕು ಅಂತ ನಾನು ಕನ್ನಡಕ ಹಾಕಿಕೊಂಡು ಓದಿ ಹೇಳಿದೆ. ಆಗಲೂ ಆಗಲಿಲ್ಲ. ಕೋಡ್ ಸರಿಯಾಗೇ ಇತ್ತು, ದೇಶ ಬೇರೆ ಆಗಿತ್ತು. ಪ್ಲೇಸ್ಟೇಷನ್ ಖಾತೆ ತೆರೆಯುವಾಗ ಯಾವ ದೇಶ ಆರಿಸಿರುತ್ತಾರೋ ಆ ದೇಶದ ಕಾರ್ಡ್ ಮಾತ್ರ ಆ ಖಾತೆಗೆ ಸೇರುತ್ತದೆ. ಅಮೆರಿಕದ ಡಾಲರ್ ಕಾರ್ಡ್ ಭಾರತದ ಖಾತೆಗೆ ಸೇರುವುದಿಲ್ಲ. ಇಲ್ಲಿನ ರೂಪಾಯಿ ಕಾರ್ಡನ್ನು ಅಲ್ಲಿರುವ ಮಗನಿಗೆ ಕಳಿಸಿದರೂ ಅಷ್ಟೇ. ಸರಿ, ಖಾತೆಯ ದೇಶವನ್ನೇ ಬದಲಿಸೋಣ ಅಂದರೆ ಅದಕ್ಕೂ ಅವಕಾಶ ಇಲ್ಲ. ಪುಣ್ಯಕ್ಕೆ ಆ ಕೋಡ್ ಖರ್ಚಾಗಿರಲಿಲ್ಲ. ಚಿಕ್ಕಮ್ಮನ ಮಗಳು ಅದನ್ನು ಅಲ್ಲೇ ತನ್ನ ಮಗನಿಗೆ ಕೊಟ್ಟಳು.

ಖಾತೆ ಯಾವ ದೇಶದ್ದು ಅಂತ ಊಹಿಸಲು ಹೋಗಬೇಡಿ. ಮನೆ ಬೆಂಗಳೂರಿನಲ್ಲಿದ್ದರೂ ಕೆಲವರು ಅಮೆರಿಕದ ಖಾತೆ ಇಟ್ಟುಕೊಂಡಿರುತ್ತಾರೆ. ಅವರ ಕನ್ಸೋಲ್‌ನಲ್ಲಿ ಪ್ಲೇಸ್ಟೇಷನ್ ಅಂಗಡಿಯ ಪುಟ ತೆರೆದಾಗ ಆಟದ ಬೆಲೆ ರೂಪಾಯಿಯಲ್ಲಿ ಕಾಣುತ್ತದೋ ಡಾಲರ್‌ನಲ್ಲೋ ನೋಡಿ. ಅಷ್ಟು ಸಾಕು.

ಕೊನೆಯದು ಡಬ್ಬದ ಮೇಲಿನ ವಯಸ್ಸಿನ ಗುರುತು. ಇದರಲ್ಲಿ ದುಡ್ಡು ಹೋಗಲಿಲ್ಲ. ಆದರೆ ನಾನು ತಪ್ಪು ಆಟ ಆರಿಸಿದ್ದೇ ಇದರಿಂದ. ನಮ್ಮಲ್ಲಿ ಸಿಗುವ ಪಿಎಸ್ 5 ಡಬ್ಬಗಳ ಮೇಲೆ ಹೆಚ್ಚಾಗಿ ಯುರೋಪಿನ ಪೆಗಿ ಗುರುತು ಇರುತ್ತದೆ. ಮುಂಭಾಗದ ಕೆಳಗೆ ಎಡ ಮೂಲೆಯಲ್ಲಿ 3, 7, 12, 16 ಅಥವಾ 18. ಅಂಗಡಿಯಲ್ಲಿ ನನ್ನ ಮುಂದೆ ಎರಡು ಡಬ್ಬ ಇದ್ದವು. ಫುಟ್‌ಬಾಲ್ ಆಟ ಎಫ್‌ಸಿ 25, ಅದರ ಮೇಲೆ 3. ರಾಗ್ನರಾಕ್ ಮೇಲೆ 18. ಮೂವತ್ತೈದು ವರ್ಷದವನಿಗೆ 3 ಅಂತ ಬರೆದಿರುವುದನ್ನು ಹೇಗೆ ಕೊಡುವುದು ಅಂತ ಫುಟ್‌ಬಾಲನ್ನು ಪಕ್ಕಕ್ಕಿಟ್ಟೆ. ಅವನಿಗೆ ಬೇಕಾಗಿದ್ದು ಅದೇ ಫುಟ್‌ಬಾಲ್!

ಆ ಅಂಕಿ ಆಟ ಎಷ್ಟು ಕಷ್ಟ ಅಂತ ಹೇಳುವುದಿಲ್ಲ. ಯಾರಿಗಾಗಿ ಮಾಡಿದ್ದಾರೆ ಅಂತಲೂ ಹೇಳುವುದಿಲ್ಲ. ಆಟದಲ್ಲಿ ಬರುವ ದೃಶ್ಯ, ಮಾತು ಯಾವ ವಯಸ್ಸಿನಿಂದ ಮೇಲಿನವರಿಗೆ ಸರಿ ಅಂತ ಮಾತ್ರ ಹೇಳುತ್ತದೆ. ಫುಟ್‌ಬಾಲ್‌ನಲ್ಲಿ ರಕ್ತ ಇಲ್ಲ, ಬೈಗುಳ ಇಲ್ಲ, ಅದಕ್ಕೇ 3. ಮೂರು ವರ್ಷದ ಮಗು ಅದನ್ನು ಆಡಲಾರದು. ದೊಡ್ಡವರೇ ವರ್ಷಗಟ್ಟಲೆ ಆಡಿ ಕಲಿಯುತ್ತಾರೆ. ಡಬ್ಬದ ಹಿಂದೆ ಚಿಕ್ಕ ಚಿತ್ರಗಳೂ ಇರುತ್ತವೆ. ಮುಷ್ಟಿ ಇದ್ದರೆ ಹಿಂಸೆ, ಮಾತಿನ ಗುಳ್ಳೆ ಇದ್ದರೆ ಕೆಟ್ಟ ಭಾಷೆ, ಕಾರ್ಡ್ ಹಿಡಿದ ಕೈ ಇದ್ದರೆ ಆಟದ ಒಳಗೆ ಮತ್ತೆ ದುಡ್ಡು ಕೊಟ್ಟು ಕೊಳ್ಳುವ ವಸ್ತುಗಳಿವೆ ಅಂತ ಅರ್ಥ. ಎಫ್‌ಸಿ 25ಕ್ಕೆ 3 ಇದ್ದರೂ ಆ ಕೈ ಇದೆ. ಅದರಲ್ಲಿ ಒಳಗೆ ಯಾವ ಆಟಗಾರ ಇದ್ದಾನೆ ಅಂತ ಗೊತ್ತಿಲ್ಲದೆ ಪೊಟ್ಟಣ ಕೊಳ್ಳಬಹುದು. ಮಕ್ಕಳಿರುವ ಮನೆಗೆ ಕೊಡುವಾಗ ಆ ಚಿತ್ರವನ್ನು ನಾನು ಅಂಕಿಗಿಂತ ಮೊದಲು ನೋಡುತ್ತೇನೆ. 18 ಅಂತ ಇರುವುದನ್ನು ದೊಡ್ಡವರಿಗೆ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ತಮ್ಮನ ಟಿವಿ ಇರುವುದು ಹಾಲ್‌ನಲ್ಲಿ, ಪಕ್ಕದಲ್ಲೇ ಮಗಳು ಕೂತಿರುತ್ತಾಳೆ. ರಾಗ್ನರಾಕ್ ನಡೆದಿದ್ದರೂ ಅವನು ಅದನ್ನು ಅವಳು ಮಲಗಿದ ಮೇಲೆ ಮಾತ್ರ ಆಡಬೇಕಾಗುತ್ತಿತ್ತು. ಕೊಡುವಾಗ ಅದನ್ನೂ ಯೋಚಿಸಬೇಕಿತ್ತು.

ಡಿಜಿಟಲ್ ಕನ್ಸೋಲ್ ಇರುವವರಿಗೆ ಪ್ಲೇಸ್ಟೇಷನ್ ಅಂಗಡಿಯಲ್ಲಿ ಒಂದು ಆಟವನ್ನೇ ಕೊಂಡು ಅವರ ಹೆಸರಿಗೆ ಕಳಿಸುವ ಸೌಲಭ್ಯ ಇಲ್ಲ. ಆದ್ದರಿಂದ ಕೊನೆಗೆ ರೂಪಾಯಿಯ ಗಿಫ್ಟ್ ಕಾರ್ಡ್ ಕೊಟ್ಟೆ. ಅವನೇ ಎಫ್‌ಸಿ 25 ಕೊಂಡ. ಡಿಸ್ಕನ್ನು ಡ್ರೈವ್ ಇರುವ ಅವನ ಗೆಳೆಯನೊಬ್ಬ ಎರಡು ಸಾವಿರಕ್ಕೆ ತೆಗೆದುಕೊಂಡ. ಕಪ್ಪು ಕಂಟ್ರೋಲರ್ ನಮ್ಮ ಮನೆಯ ಬೀರುವಿನಲ್ಲಿದೆ.

ಮರುವರ್ಷ ಡ್ಯುಯಲ್‌ಸೆನ್ಸ್ ಕೊಳ್ಳುವ ಮೊದಲು ತಮ್ಮನ ಹೆಂಡತಿಗೆ ಗುಟ್ಟಾಗಿ ಮೆಸೇಜ್ ಹಾಕಿದೆ: "ಮೂರು ಫೋಟೊ ಕಳಿಸಮ್ಮ. ಕನ್ಸೋಲ್‌ನ ಮುಂಭಾಗ, ಹಿಂದಿನ ನಂಬರ್, ಅಂಗಡಿಯ ಪುಟದಲ್ಲಿ ಯಾವುದಾದರೂ ಆಟದ ಬೆಲೆ. ಅವನು ಈಗಾಗಲೇ ಏನೇನು ಕೊಂಡಿದ್ದಾನೆ ಅಂತಲೂ ಹೇಳು." ಹತ್ತು ನಿಮಿಷದಲ್ಲಿ ಬಂತು. ಆ ಫೋಟೊಗಳನ್ನು ಅಂಗಡಿಯವರಿಗೆ ತೋರಿಸಿಯೇ ದುಡ್ಡು ಕೊಟ್ಟೆ.